ಅಂಚು ಹಸಿರಾಗಬೇಕು, ಮುಖ ಹಾಗೇ ಇರಬೇಕು

ಪ್ರಶ್ನೆ: ಸರ್, ಒಂದು ಫೋಟೋದಲ್ಲಿ ಕೆನೆ ಬಣ್ಣದ ರೇಷ್ಮೆ ಸೀರೆ ಇದೆ, ಅದಕ್ಕೆ ಜರಿ ಇರುವ ಮರೂನ್ ಅಂಚು. ಬ್ಲೌಸ್ ಕಡು ಹಸಿರು. ಅಂಚನ್ನೂ ಬ್ಲೌಸ್ ಬಣ್ಣಕ್ಕೇ ತನ್ನಿ ಅಂತ ಕೇಳಿದ್ದಾರೆ. ಫೋಟೋಶಾಪ್‌ನಲ್ಲಿ Hue/Saturation ತೆಗೆದು, Reds ಆರಿಸಿ, Hue ಎಳೆದೆ. ಅಂಚು ಹಸಿರಾಯ್ತು, ಜೊತೆಗೆ ಮುಖವೂ ಹಸಿರಾಯ್ತು, ತುಟಿ ನೀಲಿಗೆ ತಿರುಗಿತು, ಜರಿ ನಿಂಬೆಹಣ್ಣಿನ ಬಣ್ಣ ಆಯ್ತು. ಹೋದ ತಿಂಗಳು ಒಂದು ನೀಲಿ ಶರ್ಟನ್ನು ಹೀಗೇ ಒಂದೇ ನಿಮಿಷದಲ್ಲಿ ಬದಲಾಯಿಸಿದ್ದೆ, ಏನೂ ಆಗಿರಲಿಲ್ಲ. ಆಮೇಲೆ ಮಾಸ್ಕ್‌ನಲ್ಲಿ ಮುಖದ ಭಾಗ ಅಳಿಸಿದೆ. ಆದರೂ ಚರ್ಮ ಮೊದಲಿನ ಹಾಗಿಲ್ಲ, ಸ್ವಲ್ಪ ಕೆಂಪಗಾಗಿದೆ ಅನಿಸುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ನೀಲಿ ಶರ್ಟ್ ಸಲೀಸಾಗಿ ಆಗಿದ್ದೇ ಈ ತೊಂದರೆಗೆ ಮೂಲ ನೋಡಿ. ಅದು ಬಂದ ಹಾಗೆ ಇದೂ ಬರುತ್ತದೆ ಅಂತ ಕೈ ಹಾಕುತ್ತೇವೆ. ಎರಡೂ ಬೇರೆ ಬೇರೆ ಥರದ ಕೆಲಸ, ಆದರೆ ಬಳಸುವ ಸಾಧನ ಒಂದೇ ಆದ್ದರಿಂದ ಅದು ಗೊತ್ತಾಗುವುದಿಲ್ಲ.

ಮೊದಲು ಒಂದು ಸಣ್ಣ ಕೆಲಸ ಮಾಡಿ. F8 ಒತ್ತಿ Info ಪ್ಯಾನೆಲ್ ತೆರೆಯಿರಿ, ಅದರಲ್ಲಿ ಒಂದು ಓದನ್ನು HSB ಗೆ ಬದಲಾಯಿಸಿ. ಐಡ್ರಾಪರ್ ಆರಿಸಿ ಮೇಲೆ Sample Size ಅನ್ನು 5 by 5 Average ಮಾಡಿ, ಇಲ್ಲದಿದ್ದರೆ ಒಂದೊಂದೇ ಪಿಕ್ಸೆಲ್ ಓದಿ ಅಂಕಿಗಳು ಕುಣಿಯುತ್ತವೆ. ಈಗ ಮೂಲ ಫೋಟೋದ ಮೇಲೆ ಸುಮ್ನೆ ಓಡಾಡಿಸಿ H ಅಂಕಿ ನೋಡಿ. ಇದು ಬಣ್ಣದ ಚಕ್ರದಲ್ಲಿ ಆ ಜಾಗ ಎಷ್ಟನೇ ಡಿಗ್ರಿಯಲ್ಲಿದೆ ಅನ್ನುವ ಅಂಕಿ. ಕೆಂಪು 0, ಹಳದಿ 60, ಹಸಿರು 120, ನೀಲಿ 240, ಮತ್ತೆ ಸುತ್ತಿ ಬಂದು 360 ಅಂದರೆ ಕೆಂಪೇ. ನಿಮ್ಮಂಥ ಫೋಟೋದಲ್ಲಿ ಮರೂನ್ ಅಂಚು 350ರ ಹತ್ತಿರ ಬರುತ್ತದೆ, ತುಟಿ 5ರ ಸುಮಾರು, ಕೆನ್ನೆ 14-15, ಹಣೆ 24-25, ಜರಿ 40ರ ಆಸುಪಾಸು. ಬೆಳಕು ಬದಲಾದರೆ ಅಂಕಿ ಆಚೀಚೆ ಆಗಬಹುದು, ಆದರೆ ಈ ಸಾಲು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಚರ್ಮ ತಿಳಿಯಾಗಿರಲಿ ಕಪ್ಪಗಿರಲಿ, ಅದು ಕೂರುವುದು ಕೆಂಪಿಗೂ ಹಳದಿಗೂ ನಡುವಿನ ಇಷ್ಟೇ ಜಾಗದಲ್ಲಿ. ಬದಲಾಗುವುದು ಹೊಳಪು ಮತ್ತು ಗಾಢತೆ.

ಈಗ Hue/Saturation ನಲ್ಲಿ Reds ಆರಿಸಿದಾಗ ಕೆಳಗಡೆ ಕಾಣುವ ಅಂಕಿ ನೋಡಿ: 315°/345° 15°\45°. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. 345ರಿಂದ 15ರವರೆಗೆ ಇರುವ ಬಣ್ಣಗಳಿಗೆ ನೀವು ಎಳೆದಷ್ಟೂ ಪೂರ್ತಿ ಬೀಳುತ್ತದೆ. 15ರಿಂದ 45ರವರೆಗೆ ಅದು ನಿಧಾನಕ್ಕೆ ಇಳಿಯುತ್ತಾ ಸೊನ್ನೆಗೆ ಬರುತ್ತದೆ. ಅಂಚನ್ನು 350ರಿಂದ ಬ್ಲೌಸ್‌ನ ಹಸಿರಿಗೆ, ಅಂದರೆ 160ರ ಹತ್ತಿರಕ್ಕೆ ತರಲು ನೀವು Hue ಅನ್ನು +170ರ ಸುಮಾರು ಎಳೆದಿರುತ್ತೀರಿ. ತುಟಿ 5ರಲ್ಲಿದೆ, ಪೂರ್ತಿ ಏಟು ಅದಕ್ಕೂ ಬಿತ್ತು, 175ಕ್ಕೆ ಹೋಯಿತು, ಅದೇ ನೀವು ಕಂಡ ನೀಲಿ, ನಿಜಕ್ಕೆ ಹಸಿರು ಬೆರೆತ ನೀಲಿ. ಹಣೆ 24ರಲ್ಲಿದೆ, ಅದಕ್ಕೆ ಸುಮಾರು ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಮ್ಮಿ ಬಿದ್ದು 140ರ ಆಚೀಚೆ ನಿಂತಿತು, ಹಸಿರು. ಜರಿ 40ರಲ್ಲಿದೆ, ಆರರಲ್ಲಿ ಒಂದು ಪಾಲು ಬಿದ್ದು 68ಕ್ಕೆ ಬಂತು, ನಿಂಬೆಹಣ್ಣು. ಮೂರೂ ನೀವು ಬರೆದ ಹಾಗೇ ಆಗಿದೆ ಅಲ್ವಾ? ಸಾಫ್ಟ್‌ವೇರ್ ತಪ್ಪು ಮಾಡಲಿಲ್ಲ, ಹೇಳಿದ್ದನ್ನೇ ಮಾಡಿತು. ನೀಲಿ ಶರ್ಟ್ 215ರಲ್ಲೋ 220ರಲ್ಲೋ ಇತ್ತು, ಚಕ್ರದಲ್ಲಿ ಹೆಚ್ಚುಕಡಿಮೆ ಚರ್ಮದ ಎದುರಿಗೆ. ಅಲ್ಲಿಂದ ಎಷ್ಟು ಎಳೆದರೂ ಮುಖಕ್ಕೆ ಗಾಳಿ ಕೂಡ ತಾಗುವುದಿಲ್ಲ.

ಹಾಗಾದರೆ Reds ಹರವನ್ನು ಕಿರಿದು ಮಾಡಿದರೆ ಆಯಿತಲ್ಲ ಅಂತ ಅನಿಸುತ್ತದೆ. ಈ ಸಲಹೆ ಎಲ್ಲ ಕಡೆ ಸಿಗುತ್ತದೆ, ಅರ್ಧ ಮಾತ್ರ ಸರಿ. ಅಂಚಿನ ಬಣ್ಣ ಒಂದೇ ಅಂಕಿಯಲ್ಲಿ ಕೂತಿರುವುದಿಲ್ಲ. ನೆರಿಗೆಯ ಒಳಗಡೆ 345, ಬೆಳಕು ಬಿದ್ದ ಉಬ್ಬಿನಲ್ಲಿ 5 ಅಥವಾ 8, ಜರಿ ಪಕ್ಕದ ದಾರ 12. ನೀವು ಹರವನ್ನು 340ರಿಂದ 355ಕ್ಕೆ ಬಿಗಿ ಮಾಡಿದರೆ ಮುಖ ಬಹುತೇಕ ಉಳಿಯುತ್ತದೆ, ಆದರೆ ಅಂಚಿನ ಉಬ್ಬುಗಳೆಲ್ಲ ಮರೂನ್ ಆಗೇ ಉಳಿದು ಬಟ್ಟೆಗೆ ಚರ್ಮರೋಗ ಬಂದ ಹಾಗೆ ಕಾಣುತ್ತದೆ. ಅಷ್ಟು ಮಾಡಿಯೂ ತುಟಿ, ಕಿವಿಯ ತುದಿ, ಬೆರಳ ಗಿಣ್ಣು ಇವೆಲ್ಲ ಸಿಕ್ಕಿಬೀಳುತ್ತವೆ. Color Range ನಲ್ಲಿ Skin Tones ಅಂತ ಒಂದು ಆಯ್ಕೆ ಇದೆ, ಅದರಿಂದ ಚರ್ಮ ಆರಿಸಿ ಬಿಟ್ಟುಬಿಡೋಣ ಅಂದರೆ ಅದು ಜರಿಯನ್ನೂ ಚರ್ಮ ಅಂದುಕೊಳ್ಳುತ್ತದೆ, ಪಾಪ ಅದರ ತಪ್ಪಲ್ಲ, ಬಣ್ಣ ಹತ್ತಿರಹತ್ತಿರ ಒಂದೇ.

ಅಂದರೆ ಇಲ್ಲಿ ಚರ್ಮವನ್ನೂ ಅಂಚನ್ನೂ ಬಣ್ಣದಿಂದ ಬೇರೆ ಮಾಡಲು ಆಗುವುದಿಲ್ಲ. ಜಾಗದಿಂದ ಮಾತ್ರ ಆಗುತ್ತದೆ. ನೀವು ಮಾಡಿದ್ದು ಮೊದಲು ಬಣ್ಣ, ಆಮೇಲೆ ಮುಖ ಅಳಿಸುವುದು. ಅದನ್ನು ತಿರುಗಿಸಿ. ಮೊದಲು ಅಂಚಿಗೆ ಗಡಿ ಹಾಕಿ, ಆಮೇಲೆ ಆ ಗಡಿಯ ಒಳಗೆ ಬಣ್ಣದ ಲೆಕ್ಕ. ಮುಖ ಅಳಿಸಿದಿರಿ ಸರಿ, ಕುತ್ತಿಗೆ, ಮುಂಗೈ, ಬೆರಳು, ಸೊಂಟದ ಹತ್ತಿರ ಕಾಣುವ ಚರ್ಮ ಇವೆಲ್ಲ ನೆನಪಾಗುವುದು ಪ್ರಿಂಟ್ ಬಂದ ಮೇಲೆ.

ನಾನು ಮಾಡುವುದು ಹೀಗೆ. ಖಾಲಿ ಗ್ರೂಪ್ ಒಂದನ್ನು ಮಾಡಿ, ಆ ಗ್ರೂಪಿಗೇ ಮಾಸ್ಕ್ ಹಾಕುತ್ತೇನೆ. ಅಂಚಿನ ಆಕಾರ ಆ ಮಾಸ್ಕ್‌ನಲ್ಲಿ. ಬಣ್ಣ ಬದಲಿಸುವ Hue/Saturation, ಹೊಳಪು ಸರಿಮಾಡುವ Curves, ಎಲ್ಲ ಆ ಗ್ರೂಪಿನ ಒಳಗೆ. ಗಡಿ ಒಂದೇ ಕಡೆ ಇರುವುದರಿಂದ ಒಂದು ಸಲ ತಿದ್ದಿದರೆ ಎಲ್ಲದಕ್ಕೂ ಅನ್ವಯ. ಗ್ರೂಪಿನ ಮೋಡ್ ಮಾತ್ರ Pass Through ಅಂತಲೇ ಇರಬೇಕು. Normal ಗೆ ಹೋದರೆ ಒಳಗಿನ ಹೊಂದಾಣಿಕೆಗಳು ಕೆಳಗಿರುವ ಫೋಟೋವನ್ನು ಮುಟ್ಟುವುದೇ ಇಲ್ಲ, ಯಾಕೆ ಏನೂ ಆಗ್ತಿಲ್ಲ ಅಂತ ನೀವು ತಲೆ ಕೆರೆದುಕೊಳ್ಳುತ್ತೀರಿ.

ಗಡಿ ಹಾಕುವುದಕ್ಕೆ Quick Selection ಸಾಕು ಅನಿಸಬಹುದು. ಅಂಚಿಗೂ ಕೆನೆ ಬಣ್ಣದ ಸೀರೆಗೂ ನಡುವೆ ಅದು ಚೆನ್ನಾಗೇ ಹಿಡಿಯುತ್ತದೆ, ಅಲ್ಲಿ ವ್ಯತ್ಯಾಸ ಜೋರಾಗಿದೆ. ಆದರೆ ಅಂಚು ಮುಂಗೈ ಮೇಲೆ ಹಾದುಹೋಗುವ ಕಡೆ, ಕುತ್ತಿಗೆ ಪಕ್ಕ, ಬೆರಳುಗಳು ಸೆರಗನ್ನು ಹಿಡಿದಿರುವ ಕಡೆ ಅದನ್ನು ನಂಬಬೇಡಿ. ಅಲ್ಲಿ Pen ಸಾಧನದಿಂದ ಕೈಯಲ್ಲೇ ಗೆರೆ ಎಳೆಯಿರಿ. ಬೇಜಾರಿನ ಕೆಲಸ, ಇಪ್ಪತ್ತು ನಿಮಿಷ ಹೋಗುತ್ತದೆ. ಆದರೆ ಇಡೀ ಕೆಲಸ ಕೆಡುವುದೂ ಉಳಿಯುವುದೂ ಆ ನಾಲ್ಕಾರು ಇಂಚಿನಲ್ಲೇ.

ಗಡಿಯ ಮೃದುತನ ಎಷ್ಟಿರಬೇಕು ಅನ್ನುವುದಕ್ಕೆ ಫೋಟೋವೇ ಉತ್ತರ ಹೇಳುತ್ತದೆ. ಮುಂಗೈ ಮೇಲೆ ಅಂಚು ಮುಗಿಯುವ ಜಾಗವನ್ನು 300% ದೊಡ್ಡದು ಮಾಡಿ ನೋಡಿ. ಮರೂನ್‌ನಿಂದ ಚರ್ಮಕ್ಕೆ ಬರಲು ಎಷ್ಟು ಪಿಕ್ಸೆಲ್ ಬೇಕಾಗಿದೆ ಎಣಿಸಿ. ಚೂಪಾಗಿ ಫೋಕಸ್ ಆಗಿದ್ದರೆ ಒಂದೆರಡು ಪಿಕ್ಸೆಲ್, ಅಲ್ಲಿಗೆ Feather ಒಂದರೊಳಗೇ ಸಾಕು. ಹಿಂದಕ್ಕೆ ಹೋದ ಸೆರಗು ಮಸುಕಾಗಿದ್ದರೆ ಆ ಗಡಿ ಎಂಟೋ ಹತ್ತೋ ಪಿಕ್ಸೆಲ್ ಅಗಲ ಇರಬಹುದು, ಅಲ್ಲಿ ಮಾತ್ರ ಮಾಸ್ಕ್ ಮೇಲೆ Blur ಸಾಧನ ಆಡಿಸಿ. ಇಡೀ ಮಾಸ್ಕ್‌ಗೆ ಒಂದೇ ಮೃದುತನ ಕೊಟ್ಟರೆ ಒಂದು ಕಡೆ ಕತ್ತರಿಸಿ ಅಂಟಿಸಿದ ಹಾಗೆ, ಇನ್ನೊಂದು ಕಡೆ ಬಣ್ಣ ಚರ್ಮದ ಮೇಲೆ ಹರಿದ ಹಾಗೆ ಕಾಣುತ್ತದೆ. ಇನ್ನೊಂದು ಚಿಕ್ಕ ವಿಷಯ: ಮಾಸ್ಕ್ ನೋಡಲು ಬ್ಯಾಕ್‌ಸ್ಲ್ಯಾಶ್ ಕೀ ಒತ್ತಿದರೆ ಅದು ಕೆಂಪು ಪರದೆಯಾಗಿ ಬರುತ್ತದೆ, ಮರೂನ್ ಮೇಲೆ ಕೆಂಪು ಪರದೆ ಹಾಕಿದರೆ ಏನು ಕಂಡೀತು! ಮಾಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ Mask Options ನಲ್ಲಿ ಅದನ್ನು ತಿಳಿ ನೀಲಿ ಮಾಡಿಕೊಳ್ಳಿ.

ಈಗ ಗ್ರೂಪಿನ ಒಳಗೆ Hue/Saturation ಹಾಕಿ, Reds ಆರಿಸಿ. ಮುಖ ಈಗ ಗಡಿಯಾಚೆ ಇದೆ, ಅದರ ಚಿಂತೆ ಇಲ್ಲ. ಉಳಿಸಬೇಕಾಗಿರುವುದು ಜರಿ ಒಂದನ್ನೇ. ಆದ್ದರಿಂದ ಈಗ ಹರವನ್ನು ಧಾರಾಳವಾಗಿ ಇಡಬಹುದು. ಎಡಗಡೆ 315/340 ಇರಲಿ, ಬಲಗಡೆ 18\30ಕ್ಕೆ ತನ್ನಿ. 12ರಲ್ಲಿರುವ ದಾರಕ್ಕೂ ಬಣ್ಣ ಪೂರ್ತಿ ಬೀಳುತ್ತದೆ, 40ರಲ್ಲಿರುವ ಜರಿಗೆ ಏನೂ ಬೀಳುವುದಿಲ್ಲ. ಎಲ್ಲಿವರೆಗೆ ಹೋಗ್ತಿದೆ ಅಂತ ನೋಡಲು ಒಂದು ಉಪಾಯ: ಬೇಕಾದ ಬಣ್ಣವನ್ನು ಮರೆತು, Saturation ಅನ್ನು −100ಕ್ಕೆ ಇಳಿಸಿ. ಸಿಕ್ಕಿದ್ದೆಲ್ಲ ಬೂದಿ ಬಣ್ಣಕ್ಕೆ ಹೋಗುತ್ತದೆ, ಸಿಗದಿದ್ದು ಉಳಿಯುತ್ತದೆ. ಅಂಚು ಪೂರ್ತಿ ಬೂದಿ, ಜರಿ ಮಾತ್ರ ಚಿನ್ನ ಅನ್ನುವವರೆಗೆ ಕೆಳಗಿನ ಸ್ಲೈಡರ್‌ಗಳನ್ನು ಆಡಿಸಿ, ಆಮೇಲೆ Saturation ಅನ್ನು ಸೊನ್ನೆಗೆ ತಂದು Hue ಎಳೆಯಿರಿ.

ಜರಿಯಲ್ಲಿ ಒಂದು ಸೂಕ್ಷ್ಮ ಇದೆ. ಜರಿ ಹೊಳೆಯುವ ದಾರ, ಪಕ್ಕದಲ್ಲಿ ಏನಿದೆಯೋ ಅದು ಅದರಲ್ಲಿ ಕಾಣುತ್ತದೆ. ಮರೂನ್ ನಡುವೆ ಕೂತ ಜರಿಯ ನೆರಳು ಭಾಗ ಶುದ್ಧ ಚಿನ್ನದ ಬಣ್ಣ ಅಲ್ಲ, ಕೆಂಪು ಬೆರೆತ ತಾಮ್ರದ ಬಣ್ಣ. ಅಂಕಿ ಓದಿದರೆ 20-25 ಬರುತ್ತದೆ. ಆ ಭಾಗ ಈಗ ಇಳಿಜಾರಿನ ಮಧ್ಯದಲ್ಲಿ ಸಿಕ್ಕಿಕೊಂಡು ಕೊಳಕು ಹಸಿರಾಗಬಹುದು, ಅಥವಾ ಬಿಟ್ಟುಹೋಗಿ ಪ್ರತಿ ಬುಟ್ಟಾ ಸುತ್ತ ಸಣ್ಣ ಕೆಂಪು ಗೆರೆ ಉಳಿಯಬಹುದು. ಇದಕ್ಕೆ ಸ್ಲೈಡರ್‌ನಲ್ಲಿ ಪೂರ್ತಿ ಪರಿಹಾರ ಇಲ್ಲ. ಗ್ರೂಪಿನ ಒಳಗೇ ಮೇಲೊಂದು ಖಾಲಿ ಲೇಯರ್ ಹಾಕಿ, ಮೋಡ್ ಅನ್ನು Color ಮಾಡಿ, ಜರಿಯ ಹೊಳೆಯುವ ಭಾಗದಿಂದ ಬಣ್ಣ ಎತ್ತಿಕೊಂಡು, ಬ್ರಷ್ ಅನ್ನು 20% ಇಟ್ಟು ಆ ತಾಮ್ರದ ಭಾಗದ ಮೇಲೆ ಒಂದೆರಡು ಸಲ ಸವರಿ. ಪೂರ್ತಿ ಸರಿ ಮಾಡಲು ಹೋಗಬೇಡಿ, ಕಣ್ಣಿಗೆ ಬೀಳುವ ದೊಡ್ಡ ಬುಟ್ಟಾಗಳಿಗೆ ಮಾಡಿದರೆ ಸಾಕು.

ಇನ್ನು ಹೊಳಪಿನ ಮಾತು. ಬಹಳ ಜನ ಇಲ್ಲಿ ಎಡವುತ್ತಾರೆ, ಯಾಕೆ ಎಡವಿದೆವು ಅಂತಲೂ ಗೊತ್ತಾಗುವುದಿಲ್ಲ. Hue ಎಳೆದರೆ ಬಣ್ಣ ಮಾತ್ರ ತಿರುಗುತ್ತದೆ, ಹೊಳಪು ಹಾಗೇ ಇರುತ್ತದೆ ಅಂತ ನಂಬಿಕೆ. ಲೆಕ್ಕದಲ್ಲಿ ಇರಬಹುದು, ಕಣ್ಣಿಗೆ ಇಲ್ಲ. ನಿಮ್ಮ ಅಂಚಿನ ಒಂದು ಜಾಗ R 110, G 20, B 35 ಅಂತ ಇಟ್ಟುಕೊಳ್ಳಿ. ಅದನ್ನು 160 ಡಿಗ್ರಿಗೆ ತಿರುಗಿಸಿದರೆ R 20, G 110, B 80 ಆಗುತ್ತದೆ. ಅದೇ ದೊಡ್ಡ ಅಂಕಿ 110, ಅದೇ ಚಿಕ್ಕ ಅಂಕಿ 20, ಜಾಗ ಮಾತ್ರ ಬದಲು. ಆದರೆ ನಮ್ಮ ಕಣ್ಣು ಮೂರನ್ನೂ ಒಂದೇ ಸಮ ನೋಡುವುದಿಲ್ಲ. ಹೊಳಪಿನ ಲೆಕ್ಕಕ್ಕೆ ಹಸಿರು ಹೆಚ್ಚುಕಡಿಮೆ 59 ಪಾಲು ಕೊಡುತ್ತದೆ, ಕೆಂಪು 30, ನೀಲಿ 11. ಹಾಗೆ ಲೆಕ್ಕ ಹಾಕಿದರೆ ಮರೂನ್ ಹೊಳಪು 49, ಹೊಸ ಹಸಿರಿನದು 80. ಕಡು ಅಂಚು ಇದ್ದಕ್ಕಿದ್ದಂತೆ ದೀಪ ಹಚ್ಚಿದ ಹಾಗೆ ಮುಂದಕ್ಕೆ ಬರುತ್ತದೆ. ಯಾರಾದರೂ ನೋಡಿ "ಏನೋ ಸರಿ ಇಲ್ಲ" ಅಂದರೆ ಬಹಳ ಸಲ ಇದೇ ಕಾರಣ. ಕೆಂಪಿನಿಂದ ನೀಲಿಗೆ ಹೋದರೆ ಇದೇ ತಿರುಗುಮುರುಗು, ಕತ್ತಲೆ ಆಗುತ್ತದೆ.

ನಿಮಗೆ ಒಂದು ಅದೃಷ್ಟ ಇದೆ, ಹೋಲಿಸಲು ಬ್ಲೌಸ್ ಅದೇ ಫೋಟೋದಲ್ಲಿ, ಅದೇ ಬೆಳಕಿನಲ್ಲಿ ಇದೆ. ಬೇರೆ ಕಡೆಯಿಂದ ತಂದ ಬಣ್ಣದ ಮಾದರಿಗಿಂತ ಇದು ಎಷ್ಟೋ ವಾಸಿ. ಬ್ಲೌಸ್‌ನಲ್ಲಿ ಅಂಚಿನಷ್ಟೇ ಬೆಳಕು ಬಿದ್ದ ಒಂದು ಜಾಗ ಹುಡುಕಿ ಓದಿ. R 0, G 90, B 60 ಬಂತು ಅಂದುಕೊಳ್ಳಿ, ಹೊಳಪು 60. ಅಂದರೆ ನಿಮ್ಮ 80 ಅನ್ನು 60ಕ್ಕೆ ಇಳಿಸಬೇಕು. Hue/Saturation ನಲ್ಲೇ ಇರುವ Lightness ಸ್ಲೈಡರ್ ಮುಟ್ಟಬೇಡಿ, ಅದು ನೆರಳು, ಹೊಳಪು ಎಲ್ಲಕ್ಕೂ ಮಸಿ ಬಳಿದು ರೇಷ್ಮೆಯನ್ನು ಹತ್ತಿ ಮಾಡಿಬಿಡುತ್ತದೆ. ಅದರ ಮೇಲೆ Curves ಹಾಕಿ, ಮೋಡ್ Luminosity ಮಾಡಿ. Input 80, Output 60 ಒಂದು ಬಿಂದು, ಹೊಳಪು ಇನ್ನೂ 60ಕ್ಕೆ ಬಾರದಿದ್ದರೆ ಅದನ್ನೇ ಇನ್ನಷ್ಟು ಇಳಿಸಿ. ಇನ್ನೊಂದು ಬಿಂದು 150ರಲ್ಲಿ, ಅದು 150ರಲ್ಲೇ ನಿಂತಿರಲಿ. ಎರಡನೇ ಬಿಂದು ಮರೆಯಬೇಡಿ, ರೇಷ್ಮೆಯ ಮಿಂಚು ಮತ್ತು ಜರಿಯ ಹೊಳೆಯುವ ಭಾಗ ಹೆಚ್ಚಾಗಿ ಅದರ ಮೇಲೇ ಇರುತ್ತವೆ, ಅವು ಇಳಿಯಬಾರದು. ಅಂಚು ಬ್ಲೌಸ್‌ಗೆ ಅಂಕಿ ಅಂಕಿ ಹೊಂದಲೇಬೇಕು ಅಂತಿಲ್ಲ. ಎರಡೂ ಬೇರೆ ನೇಯ್ಗೆ, ನಿಜವಾಗಿ ಒಂದೇ ಬಣ್ಣ ಅದ್ದಿದ್ದರೂ ಸ್ವಲ್ಪ ಬೇರೆಯಾಗೇ ಕಾಣುತ್ತಿದ್ದವು.

Hue ಎಳೆಯುವ ಬದಲು Solid Color ಲೇಯರ್ ಹಾಕಿ ಮೋಡ್ ಅನ್ನು Color ಮಾಡುವ ದಾರಿಯೂ ಇದೆ. ಅದು ಮೂಲ ಹೊಳಪನ್ನು ಉಳಿಸುತ್ತದೆ, 49 ಇದ್ದಿದ್ದು 49ರ ಹತ್ತಿರವೇ ಇರುತ್ತದೆ, ಆದ್ದರಿಂದ ನಿಮ್ಮ ಅಂಚು ಬ್ಲೌಸ್‌ಗಿಂತ ಸ್ವಲ್ಪ ಕಡುವಾಗಿ ಬರುತ್ತದೆ. ದೊಡ್ಡ ತೊಂದರೆ ಬೇರೆ: ಎಲ್ಲ ಕಡೆ ಒಂದೇ ಬಣ್ಣ ಬಳಿಯುವುದರಿಂದ ದಾರದಿಂದ ದಾರಕ್ಕೆ ಇರುವ ಸಣ್ಣ ವ್ಯತ್ಯಾಸ ಸಾಯುತ್ತದೆ, ಜರಿಯನ್ನು ಪೂರ್ತಿ ಬೇರೆ ಮಾಸ್ಕ್‌ನಲ್ಲಿ ಕತ್ತರಿಸಬೇಕು. ಜರಿ ಇಲ್ಲದ ಸಾದಾ ಹತ್ತಿ ಅಂಚಿಗೆ, ಶರ್ಟಿಗೆ ನಾನು ಇದನ್ನೇ ಬಳಸುತ್ತೇನೆ. ರೇಷ್ಮೆಗೆ ಇಲ್ಲ. ಫೋಟೋಶಾಪ್ ಬದಲು GIMP ಬಳಸುವವರಿಗೂ ದಾರಿ ಇದೇ, ಅಲ್ಲಿ LCh Color ಅನ್ನುವ ಲೇಯರ್ ಮೋಡ್ ಹೊಳಪು ಉಳಿಸುವುದರಲ್ಲಿ ಇನ್ನೂ ವಾಸಿ.

ಈಗ ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ, ಮುಖ ಅಳಿಸಿದ ಮೇಲೂ ಚರ್ಮ ಕೆಂಪಗೆ ಕಾಣುವುದು. ಇದಕ್ಕೆ ಮೂರು ಕಾರಣ ಇರಬಹುದು, ಯಾವುದು ಅಂತ ಮೊದಲು ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಇಲ್ಲದ ರೋಗಕ್ಕೆ ಔಷಧಿ ಕೊಡ್ತೀರಿ. ಮೂಲ ಫೋಟೋ ಲೇಯರ್‌ನ ನಕಲು ಮಾಡಿ ಎಲ್ಲಕ್ಕಿಂತ ಮೇಲೆ ಇಡಿ, ಮೋಡ್ Difference ಮಾಡಿ. ಏನೂ ಬದಲಾಗದ ಜಾಗ ಅಚ್ಚ ಕಪ್ಪಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆಯೂ ಸಿಗಬೇಕು ಅಂದರೆ ಅದರ ಮೇಲೊಂದು Levels ಹಾಕಿ, ಬಿಳಿ ಸ್ಲೈಡರನ್ನು 255ರಿಂದ 20ಕ್ಕೆ ತನ್ನಿ. ಅಂಚು ಉರಿಯುವ ಹಾಗೆ ಹೊಳೆಯುತ್ತದೆ, ಚರ್ಮ ಕಪ್ಪಗೇ ಇರಬೇಕು. ಕುತ್ತಿಗೆಯಲ್ಲೋ ಬೆರಳ ಸಂದಿಯಲ್ಲೋ ಹೊಗೆ ಥರ ಏನಾದರೂ ಕಂಡರೆ ಮಾಸ್ಕ್ ಅಲ್ಲಿ ಸೋರುತ್ತಿದೆ. ನೋಡಿಯಾದ ಮೇಲೆ ಈ ಎರಡು ಲೇಯರ್ ಅಳಿಸಿ.

ಚರ್ಮ ಪೂರ್ತಿ ಕಪ್ಪಾಗಿ ಬಂದರೆ, ಅಂದರೆ ಒಂದು ಪಿಕ್ಸೆಲ್ಲೂ ಬದಲಾಗಿಲ್ಲದಿದ್ದರೆ, ಮೊದಲನೇ ಕಾರಣ, ನಿಮ್ಮ ಕಣ್ಣೇ ನಿಮಗೆ ಆಟ ಆಡಿಸುತ್ತಿರಬಹುದು. ಪಕ್ಕದಲ್ಲಿ ಮರೂನ್ ಇದ್ದಾಗ ಚರ್ಮ ಅದಕ್ಕೆ ಹೋಲಿಸಿದರೆ ಹಳದಿ ಕಡೆಗೆ ಕಾಣುತ್ತಿತ್ತು. ಅದೇ ಜಾಗಕ್ಕೆ ಹಸಿರು ಬಂದ ಕೂಡಲೇ, ಎದುರಿನ ಬಣ್ಣ ಆದ್ದರಿಂದ, ಚರ್ಮದಲ್ಲಿರುವ ಕೆಂಪು ಎದ್ದು ಕಾಣುತ್ತದೆ. ನಿಜವಾಗಿ ಆಕೆ ಹಸಿರು ಅಂಚಿನ ಸೀರೆ ಉಟ್ಟಿದ್ದರೂ ಹೀಗೇ ಕಾಣುತ್ತಿತ್ತು. ಇದನ್ನು "ಸರಿ" ಮಾಡಲು ಹೋಗಿ ಮುಖದ ಕೆಂಪು ತೆಗೆದರೆ, ಆ ಮುಖ ಮಾತ್ರ ಬೇರೆಯವರು ನೋಡಿದಾಗ ಬಿಳಿಚಿಕೊಂಡಿರುತ್ತದೆ. ನನ್ನ ಅಭಿಪ್ರಾಯ, ಮುಟ್ಟಬೇಡಿ. ಕೇಳಿದವರು ಗುರುತಿಸಿ ಹೇಳಿದರೆ, ಮುಖಕ್ಕೆ ಮಾತ್ರ Reds ನಲ್ಲಿ Saturation −5 ಅಷ್ಟು ಕೊಡಿ, ಅದಕ್ಕಿಂತ ಬೇಡ.

ಎರಡನೇ ಕಾರಣ ಮೂಲ ಫೋಟೋದಲ್ಲೇ ಇದ್ದ ನಿಜವಾದ ಕೆಂಪು, ಆಗಲೂ ಆ ಪರೀಕ್ಷೆಯಲ್ಲಿ ಚರ್ಮ ಕಪ್ಪಾಗೇ ಬರುತ್ತದೆ. ಬಟ್ಟೆಯ ಮೇಲೆ ಬಿದ್ದ ಬೆಳಕು ಬಟ್ಟೆಯ ಬಣ್ಣ ಹೊತ್ತುಕೊಂಡು ಪಕ್ಕದ ಚರ್ಮದ ಮೇಲೆ ಬೀಳುತ್ತದೆ. ಮುಂಗೈಯ ಕೆಳಭಾಗ, ಗಲ್ಲದ ಅಡಿ, ಸೆರಗು ಹಿಡಿದ ಬೆರಳ ಒಳಗಡೆ ನೋಡಿ, ಮರೂನ್ ಛಾಯೆ ಇರುತ್ತದೆ. ಅಂಚು ಮರೂನ್ ಇದ್ದಾಗ ಅದು ಸಹಜ. ಅಂಚು ಹಸಿರಾದ ಮೇಲೆ ಆ ಕೆಂಪಿಗೆ ಕಾರಣವೇ ಇಲ್ಲ. ಶುರುವಿನ ದಿನಗಳಲ್ಲಿ ನಾನೊಂದು ಆಲ್ಬಂಗೆ ಹೀಗೇ ಅಂಚು ಬದಲಾಯಿಸಿ ಕೊಟ್ಟಿದ್ದೆ. ಸ್ಕ್ರೀನಿನಲ್ಲಿ ಪೂರ್ತಿ ಫೋಟೋ ನೋಡಿದಾಗ ಚೆನ್ನಾಗೇ ಇತ್ತು. ದೊಡ್ಡ ಪ್ರಿಂಟ್ ಬಂದ ಮೇಲೆ ಅವರ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಕೈಗೆ ಏನಾದ್ರೂ ಅಲರ್ಜಿ ಆಗಿತ್ತಾ?" ಅಂಚಿನ ಉದ್ದಕ್ಕೂ ಮುಂಗೈ ಮೇಲೆ ಕೆಂಪು ಪಟ್ಟಿ. ನಾನು ಮುಟ್ಟದೆ ಬಿಟ್ಟ ಚರ್ಮವೇ ನನ್ನನ್ನು ಹಿಡಿದುಕೊಟ್ಟಿತ್ತು.

ಅಂಥ ಜಾಗಕ್ಕೆ ಗ್ರೂಪಿನ ಹೊರಗೆ ಇನ್ನೊಂದು Hue/Saturation ಹಾಕಿ, ಮಾಸ್ಕ್ ಪೂರ್ತಿ ಕಪ್ಪು ಮಾಡಿ, Reds ನಲ್ಲಿ Saturation −15 ಮತ್ತು Hue +4 ಅಥವಾ +5 ಇಟ್ಟು, ಮೆತ್ತನೆಯ ದೊಡ್ಡ ಬಿಳಿ ಬ್ರಷ್‌ನಿಂದ ಆ ಪಟ್ಟಿಯ ಮೇಲೆ ಮಾತ್ರ ಸವರಿ. ಪಕ್ಕದ ಸಾದಾ ಚರ್ಮದ H ಅಂಕಿಯ ಹತ್ತಿರಕ್ಕೆ ಬಂದರೆ ಸಾಕು. ಹಾಗಾದರೆ ಚರ್ಮದ ಮೇಲೆ ಹಸಿರು ಛಾಯೆ ಹಾಕಬೇಕಲ್ಲ, ನಿಜದಲ್ಲಿ ಹಸಿರು ಬೀಳುತ್ತದಲ್ಲ ಅಂತ ಕೇಳುವವರಿದ್ದಾರೆ. ಬೀಳುತ್ತದೆ, ನಿಜ. ಆದರೆ ಚರ್ಮದ ಮೇಲೆ ಹಸಿರು ಕಂಡರೆ ಜನ ಬೆಳಕು ಅಂತ ಅಂದುಕೊಳ್ಳುವುದಿಲ್ಲ, ಕಾಯಿಲೆ ಅಂದುಕೊಳ್ಳುತ್ತಾರೆ. ಕೆಂಪು ತೆಗೆದು ಸಾದಾ ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ.

ಕೆಂಪು ಉಳಿಯುವುದಕ್ಕೆ ಮೂರನೇ ಕಾರಣ ಫೈಲ್‌ನಲ್ಲೇ ಇರಬಹುದು. JPEG ಉಳಿಸುವಾಗ ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ಬಹಳ ಸಲ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಡುತ್ತದೆ. ಆದ್ದರಿಂದ ಮರೂನ್ ಮತ್ತು ಚರ್ಮ ಸೇರುವ ಗೆರೆಯಲ್ಲಿ ಕೆಂಪು ಒಂದೆರಡು ಪಿಕ್ಸೆಲ್ ಚರ್ಮದ ಒಳಕ್ಕೆ ಸೋರಿರುತ್ತದೆ. ನಿಮ್ಮ ಮಾಸ್ಕ್ ಎಷ್ಟೇ ಕರಾರುವಾಕ್ಕಾಗಿದ್ದರೂ ಆ ಕೆಂಪು ದಾರದ ಥರ ಹೊರಗೇ ಉಳಿಯುತ್ತದೆ. ಮಾಸ್ಕ್ ಅನ್ನು ಚರ್ಮದ ಮೇಲಕ್ಕೆ ಹಿಗ್ಗಿಸಿ ಅದನ್ನು ಮುಚ್ಚೋಣ ಅನ್ನಬೇಡಿ, ಕೆಂಪು ದಾರ ಹೋಗಿ ಹಸಿರು ದಾರ ಬರುತ್ತದೆ ಅಷ್ಟೇ. Color ಮೋಡ್‌ನ ಖಾಲಿ ಲೇಯರ್ ಮೇಲೆ, ಪಕ್ಕದ ಚರ್ಮದಿಂದಲೇ ಬಣ್ಣ ಎತ್ತಿ, ಮೂರು ನಾಲ್ಕು ಪಿಕ್ಸೆಲ್ ಬ್ರಷ್‌ನಿಂದ ಆ ಗೆರೆ ಹಿಡಿದು ಹೋಗಿ. ಫೋಟೋ ನಿಮಗೆ ಮೆಸೇಜ್ ಆ್ಯಪ್‌ನಲ್ಲಿ ಬಂದಿದ್ದರೆ ಇದು ಇನ್ನೂ ಕೆಟ್ಟದಾಗಿರುತ್ತದೆ. ಆ ಫೈಲ್ ಮೇಲೆ ಕೆಲಸ ಶುರು ಮಾಡುವ ಮೊದಲು ಕ್ಯಾಮೆರಾದ ಮೂಲ ಫೈಲ್ ಕೇಳಿ, RAW ಇದ್ದರೆ ಅದನ್ನೇ 16 ಬಿಟ್‌ನಲ್ಲಿ ತೆರೆಯಿರಿ.

ಇನ್ನು ಆಗದ ಕೆಲಸಗಳೂ ಇವೆ. ಮರೂನ್ ಅಂಚನ್ನು ತಿಳಿ ಗುಲಾಬಿ ಅಥವಾ ಬೆಣ್ಣೆ ಬಣ್ಣ ಮಾಡಿ ಅಂದರೆ ನಾನು ಒಪ್ಪುವುದಿಲ್ಲ. ಕಡು ಬಟ್ಟೆಯ ನೆರಳಿನಲ್ಲಿ ವಿವರ ಇರುವುದೇ ಕಮ್ಮಿ, ಅದನ್ನು ಎತ್ತಿದರೆ ಬರುವುದು ಬಣ್ಣದ ಕಾಳುಕಾಳು. ಕಪ್ಪು ಶರ್ಟಿನಲ್ಲಂತೂ ತಿರುಗಿಸಲು ಬಣ್ಣವೇ ಇಲ್ಲ, Hue ಎಷ್ಟು ಎಳೆದರೂ ಏನೂ ಆಗುವುದಿಲ್ಲ. ಬಿಳಿ ಶರ್ಟ್ ಇದಕ್ಕೆ ತದ್ವಿರುದ್ಧ, Solid Color ಅನ್ನು Multiply ಮಾಡಿದರೆ ಎಷ್ಟು ಕಡುವಾದರೂ ಚೆಂದಾಗಿ ಕೂರುತ್ತದೆ. ನಿಮ್ಮದು ಕಡುವಿನಿಂದ ಕಡುವಿಗೆ ಹೋಗುವ ಕೆಲಸ, ಖಂಡಿತ ಆಗುತ್ತದೆ. ಎಲ್ಲ ಮುಗಿದ ಮೇಲೆ ಲೇಯರ್‌ಗಳನ್ನು ಒಂದು ಮಾಡಿಬಿಡಬೇಡಿ, ಗ್ರೂಪ್ ಹಾಗೇ ಇರುವ PSD ಇಟ್ಟುಕೊಳ್ಳಿ. ಹಸಿರು ನೋಡಿದ ಮೇಲೆ "ನೀಲಿ ಮಾಡಿದ್ರೆ ಹೇಗಿರತ್ತೆ?" ಅಂತ ಒಂದು ಫೋನ್ ಬಂದೇ ಬರುತ್ತದೆ, ಆಗ ನೀವು ಮುಟ್ಟಬೇಕಾಗಿರುವುದು ಒಂದು Hue ಸ್ಲೈಡರ್ ಮತ್ತು Curves ನ ಒಂದು ಬಿಂದು. ನೀಲಿಗೆ ಆ ಬಿಂದು ಕೆಳಕ್ಕಲ್ಲ, ಮೇಲಕ್ಕೆ.